ಹೊಸ್ತಿಲ ಮೇಲೆ ಕೂತು ಬಂದವಳು

ಆಧಾರ್ ಕಾರ್ಡಿನ ಪ್ರಕಾರ ನಮ್ಮ ಅಮ್ಮ ಹುಟ್ಟಿದ್ದು 1948ರ ಜನವರಿ 1ಕ್ಕೆ. ಅವಳ ತಂಗಿ ಹುಟ್ಟಿದ್ದೂ ಜನವರಿ 1ಕ್ಕೆ. ಪಕ್ಕದ ಮನೆಯ ಅಜ್ಜನೂ ಅದೇ ತಾರೀಖಿಗೆ ಹುಟ್ಟಿದ್ದಾರೆ. ಆ ಕಾಲದವರಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ. ಕೇಳಿದವರಿಗೆ ಒಂದು ಅಂದಾಜು ವರ್ಷ ಹೇಳುತ್ತಾರೆ, ಬರೆದುಕೊಳ್ಳುವವರು ಅದರ ಹಿಂದೆ ಜನವರಿ 1 ಸೇರಿಸಿಬಿಡುತ್ತಾರೆ.

ಅಮ್ಮ ಅಂದರೆ ಇಲ್ಲಿ ಅಜ್ಜಿ. ಕೊಪ್ಪಳದ ನಮ್ಮ ಮನೆಯಲ್ಲಿ ತಾಯಿಗೆ ಅವ್ವ ಅಂತೀವಿ, ಅವ್ವನ ತಾಯಿಗೆ ಅಮ್ಮ ಅಂತೀವಿ. ಈ ಬರಹದಲ್ಲೂ ಹಾಗೇ ಇರಲಿ. ಅಜ್ಜಿ ಅಂತ ಬರೆದರೆ ನನಗೆ ಅವಳ ಮುಖ ಕಣ್ಣ ಮುಂದೆ ಬರುವುದಿಲ್ಲ.

ಅಮ್ಮನ 80ನೇ ಹುಟ್ಟುಹಬ್ಬ ಮಾಡಬೇಕು ಅಂತ ಮಾವ ಹೊರಟಾಗ ಮೊದಲು ಎದ್ದ ಪ್ರಶ್ನೆಯೇ ಇದು. 80 ಆಗಿದೆಯಾ? ಆಧಾರ್ ನಂಬಿದರೆ ಇನ್ನೂ ಮೂರು ವರ್ಷ ಕಾಯಬೇಕು. ಅಮ್ಮನನ್ನೇ ಕೇಳಿದೆ. ಅವಳ ಬಳಿ ತಾರೀಖು ಇರಲಿಲ್ಲ, ಆದರೆ ತನ್ನ ತಾಯಿ ಹೇಳುತ್ತಿದ್ದ ಒಂದು ಮಾತಿತ್ತು. 'ನೀ ಹುಟ್ಟಿದ್ದು ಹುಣ್ಣಿಮಿ ದಿನ. ಮರುದಿನ ನಿಮ್ಮಪ್ಪ ಒಣ ಕೊಬ್ಬರಿ ತರತೀನಿ ಅಂತ ಹೋದಾವ, ಡ್ಯಾಮಿನ ಕಲ್ಲು ಹಾಕೂದು ನೋಡಕೋತ ನಿಂತು, ಬರಿಗೈಲೆ ಬಂದ.'

ಬಾಣಂತಿಗೆ ಕೊಬ್ಬರಿ ತರದೆ ಬಂದ ಗಂಡನ ಮೇಲಿನ ಸಿಟ್ಟು ಇಷ್ಟು ವರ್ಷ ಉಳಿದಿದ್ದಕ್ಕೇ ನಮಗೆ ಅಮ್ಮನ ವಯಸ್ಸು ಸಿಕ್ಕಿತು. ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಹಾಕಿದ್ದು 1945ರ ಫೆಬ್ರುವರಿ 28ಕ್ಕೆ. ಪಂಚಾಂಗ ಹಿಂದಕ್ಕೆ ತಿರುಗಿಸಿ ನೋಡಿದರೆ ಆ ತಿಂಗಳ ಹುಣ್ಣಿಮೆ ಬರುವುದು ಫೆಬ್ರುವರಿ 27ಕ್ಕೆ. ಮುತ್ತಜ್ಜಿಯ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಹಳೆಯ ತಲೆಯವರ ವಯಸ್ಸು ತಿಳಿಯಬೇಕಾದರೆ ವರ್ಷ ಕೇಳಬೇಡಿ. ಅವತ್ತು ಊರಲ್ಲಿ ಏನು ನಡೆದಿತ್ತು, ಯಾವ ಹಬ್ಬ ಹತ್ತಿರ ಇತ್ತು, ಹೊಲದಲ್ಲಿ ಏನು ಬೆಳೆ ನಿಂತಿತ್ತು ಅಂತ ಕೇಳಿ. ಎರಡು ಗುರುತು ಒಂದೇ ಕಡೆ ಕೂಡಿದರೆ ಆ ದಿನವನ್ನು ನಂಬಬಹುದು.

ಹಾಗಾಗಿ 2025ರ ಫೆಬ್ರುವರಿಯ ಹುಣ್ಣಿಮೆಗೆ, ಅಂದರೆ 12ನೇ ತಾರೀಖಿನ ಭಾರತ ಹುಣ್ಣಿಮೆಗೆ, ಕಾರ್ಯಕ್ರಮ ಗೊತ್ತಾಯಿತು. ಮಾವನ ಮಗ ಕರೆಯೋಲೆಯಲ್ಲಿ 'ಸಾವಿರ ಹುಣ್ಣಿಮೆ ಕಂಡವಳು' ಅಂತ ಹಾಕಿಸಬೇಕು ಅಂದ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಲೆಕ್ಕ ಹಾಕಿದರೆ ಹುಟ್ಟಿದ ದಿನದ ಹುಣ್ಣಿಮೆ ಸೇರಿ ಅವತ್ತಿಗೆ 990 ಆಗುತ್ತಿತ್ತು. ಹತ್ತು ಕಮ್ಮಿ. ಆ ಸಾಲು ಬಿಟ್ಟೆವು.

ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಮೊಮ್ಮಕ್ಕಳಲ್ಲಿ ನಾನೇ ದೊಡ್ಡವಳು.

ಮೊದಲ ಸಲ ಬರೆದಿದ್ದನ್ನು ಅಮ್ಮನ ಮುಂದೆಯೇ ಓದಿದೆ. 'ಪೂಜ್ಯರಾದ ನಮ್ಮ ಅಜ್ಜಿಯವರು ಮಮತೆಯ ಮೂರ್ತಿ' ಅಂತ ಶುರುವಾಗಿತ್ತು. ಅವಳು ಸೋಸುತ್ತಿದ್ದ ಜೋಳದ ಮೊರ ಕೆಳಗಿಟ್ಟು, ಪೂರ್ತಿ ಕೇಳಿ, 'ಇದು ಯಾರ ಬಗ್ಗಿ ಬರದಿ ತಂಗಿ?' ಅಂದಳು. ನಿಜವಾಗಿಯೂ ಕೇಳಿದ್ದು. ತಮಾಷೆ ಅಲ್ಲ. ಮನೆಯಲ್ಲಿ ನೀನು ಅನ್ನುವವಳನ್ನು ಮೈಕಿನಲ್ಲಿ ಅವರು ಅಂದರೆ ಅವಳಿಗೆ ತಾನೇ ಅಂತ ಗೊತ್ತಾಗುವುದು ಹೇಗೆ? ಹಾಳೆ ಮಡಚಿಟ್ಟೆ. ಮನೆಯ ಮಾತಿನಲ್ಲೇ ಬರೆಯಬೇಕು, ನೀನು ಅಂತಲೇ ಕರೆಯಬೇಕು ಅನ್ನುವುದು ಅಲ್ಲೇ ತೀರ್ಮಾನ ಆಯಿತು.

ಆಮೇಲೆ ಒಬ್ಬೊಬ್ಬರಿಗೆ ಫೋನು ಮಾಡಿ 'ಅಮ್ಮನ ಬಗ್ಗೆ ಒಂದು ನೆನಪು ಹೇಳಿ' ಅಂದೆ. ಅವ್ವ, ಚಿಗವ್ವ, ಇಬ್ಬರು ಮಾವಂದಿರು, ಹೈದರಾಬಾದಿನಲ್ಲಿರುವ ತಮ್ಮ. ಐದೂ ಜನ ಒಂದೇ ಹೇಳಿದರು. ತೆಳ್ಳನೆ ರೊಟ್ಟಿ, ಪುಂಡಿಪಲ್ಯ, ಹೋಗುವಾಗ ಕೈಗಿಟ್ಟ ದುಡ್ಡು. ಎಲ್ಲಾ ನಿಜ. ಆದರೆ ಈ ಹೆಸರು ತೆಗೆದು ಬೇರೆ ಅಜ್ಜಿಯ ಹೆಸರಿಟ್ಟರೂ ನಡೆಯುತ್ತದೆ. ಪ್ರೀತಿಯ ನೆನಪು ಕೇಳಿದರೆ ಎಲ್ಲರ ಬಾಯಲ್ಲೂ ರೊಟ್ಟಿಯೇ ಬರುತ್ತದೆ.

ಎರಡನೇ ಸುತ್ತಿನಲ್ಲಿ ಪ್ರಶ್ನೆ ಬದಲಿಸಿದೆ. 'ಅಮ್ಮ ನಿಮಗೆ ಜಾಸ್ತಿ ಬೈದಿದ್ದು ಯಾವುದಕ್ಕೆ?'

ಈ ಸಲ ಯಾರೂ ಯೋಚನೆ ಮಾಡಲಿಲ್ಲ. ಹೊಸ್ತಿಲು! ಹೊಸ್ತಿಲ ಮೇಲೆ ಕೂತಿದ್ದಕ್ಕೆ. ಚಿಗವ್ವ ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗಲೂ, ಹೊಸ್ತಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದ್ದಕ್ಕೆ ಬೈಸಿಕೊಂಡಿದ್ದಳು. ದೊಡ್ಡ ಮಾವನಿಗೆ ಅರವತ್ತು ದಾಟಿದೆ. ಈಗಲೂ ಹೊಸ್ತಿಲ ಹತ್ತಿರ ಬಂದರೆ ಕಾಲು ತಾನಾಗಿಯೇ ಎತ್ತರಕ್ಕೆ ಏಳುತ್ತದೆ ಅಂತ ನಕ್ಕರು. ನಾವು ಮೊಮ್ಮಕ್ಕಳು ಹನ್ನೊಂದು ಜನ, ಒಬ್ಬರೂ ತಪ್ಪಿಸಿಕೊಂಡಿಲ್ಲ. ಹೊಸ್ತಿಲ ಮೇಲೆ ಕೂರಬಾರದು ಅಂತ ಎಲ್ಲಾ ಮನೆಯಲ್ಲೂ ಹೇಳುತ್ತಾರೆ, ನಿಜ. ಆದರೆ ನಮ್ಮ ಅಮ್ಮನ ದನಿ ಬೇರೆ ಇತ್ತು. ಯಾರೋ ಅವಳ ಮೈಮೇಲೆ ಕಾಲಿಟ್ಟ ಹಾಗೆ ಕೂಗುತ್ತಿದ್ದಳು.

ಅವತ್ತು ರಾತ್ರಿ ಅವಳ ಹಾಸಿಗೆ ಪಕ್ಕ ಕೂತು ಕೇಳಿದೆ. 'ಹೊಸ್ತಿಲ ಅಂದ್ರ ಯಾಕ ಅಷ್ಟು ಅಮ್ಮಾ?' ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಹೇಳಿದ ಕಥೆ ನನ್ನ ಅವ್ವನಿಗೂ ಗೊತ್ತಿರಲಿಲ್ಲ.

ಅವಳು ಹುಟ್ಟಿದ ಊರು ಈಗ ಇಲ್ಲ. ಅವಳು ಹುಟ್ಟಿದ ಮರುದಿನ ಅಡಿಗಲ್ಲು ಹಾಕಿದ ಅದೇ ಡ್ಯಾಮಿನ ಹಿನ್ನೀರಿನಲ್ಲಿ ಹೋಯಿತು. 1953ರಲ್ಲಿ ನೀರು ನಿಲ್ಲಿಸಲು ಶುರುಮಾಡುವ ಮುಂಚೆಯೇ ಊರವರೆಲ್ಲ ಮೇಲಿನ ಹೊಸ ಜಾಗಕ್ಕೆ ಹೊರಟರು. ಅಮ್ಮನಿಗೆ ಆಗ ಎಂಟು ವರ್ಷ. ಮಣ್ಣಿನ ಗೋಡೆ ತಗೊಂಡು ಹೋಗಲು ಬರುವುದಿಲ್ಲ. ಆದರೆ ಕಟ್ಟಿಗೆ ಬಿಟ್ಟು ಹೋಗುವಷ್ಟು ಯಾರೂ ಸಿರಿವಂತರಿರಲಿಲ್ಲ. ಮಾಳಿಗೆಯ ಮಣ್ಣು ಸರಿಸಿ ಜಂತಿ, ತೊಲೆ ಬಿಚ್ಚಿದರು. ಕಂಬ ಕಿತ್ತರು. ಕೊನೆಗೆ ತಲೆಬಾಗಿಲು. ಮುತ್ತಜ್ಜ ಚೌಕಟ್ಟು ಬಿಚ್ಚಿ, ಹೊಸ್ತಿಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಂಡಿಯ ಮೇಲೆ ಇಟ್ಟನಂತೆ. ಅದರ ಮೇಲೆ ಹಚ್ಚಿದ್ದ ಅರಿಷಿಣ ಕುಂಕುಮ ಹಾಗೇ ಇತ್ತಂತೆ.

ಬಂಡಿಯಲ್ಲಿ ಜಾಗ ಇರಲಿಲ್ಲ. ಅಮ್ಮ ಹತ್ತಿ ಆ ಹೊಸ್ತಿಲ ಮೇಲೆಯೇ ಕೂತಳು. ಅವಳ ಅಜ್ಜಿ 'ಏಳ, ಹೊಸ್ತಿಲ ಮ್ಯಾಲ ಕುಂದರಬಾರದು' ಅಂತ ಕೂಗಿದರೆ, ಅಪ್ಪ ಹಗ್ಗ ಬಿಗಿಯುತ್ತಾ ಅಂದನಂತೆ: 'ಕುಂದರಲಿ ಬಿಡವ್ವ. ಮನಿನ ಇಲ್ಲ, ಅದರಾಗ ಹೊಸ್ತಿಲ ಎಲ್ಲಿಂದ ಬಂತು? ಈಗದು ಬರೇ ಕಟ್ಟಿಗಿ.'

ಬೆಳಿಗ್ಗೆಯಿಂದ ಸಂಜೆತನಕ ಅವಳು ಅದರ ಮೇಲೆ ಕೂತಿದ್ದಳು. ಹೊಸ ಜಾಗದಲ್ಲಿ ಗೋಡೆ ಎದ್ದು, ಆ ಕಟ್ಟಿಗೆಯನ್ನು ಬಾಗಿಲಿಗೆ ಕೂರಿಸಿ ಪೂಜೆ ಮಾಡಿದ ದಿನ ಅದು ಮತ್ತೆ ಹೊಸ್ತಿಲಾಯಿತು. 'ಅವತ್ತಿಂದ ನಾ ಅದರ ಮ್ಯಾಲ ಕುಂತಿಲ್ಲ, ಯಾರಿಗೂ ಕುಂದರಾಕ ಬಿಟ್ಟಿಲ್ಲ' ಅಂದಳು. ಈಗಲೂ ಅದು ಅವಳ ತಮ್ಮ, ನಮ್ಮ ಸಣ್ಣಜ್ಜನ ಮನೆ ಬಾಗಿಲಲ್ಲಿ ಇದೆ. ನಾನು ಎಷ್ಟೋ ಸಲ ದಾಟಿದ್ದೇನೆ.

ನನಗೆ ಭಾಷಣ ಸಿಕ್ಕಿತ್ತು. ಆದರೆ ಹುಟ್ಟುಹಬ್ಬದ ದಿನ ಮುಳುಗಿದ ಊರಿನ ಸುದ್ದಿ ತೆಗೆಯುವುದಾ? ಮಾವ ಬೇಡ ಅಂದರು. ಅಳು ಬಂದರೆ ಹೇಗೆ ಅಂತ. ಅಮ್ಮನನ್ನೇ ಕೇಳಿದೆ. 'ಅದನ್ನ ಹೇಳು. ಉಳಿದಿದ್ದು ಬಿಟ್ಟರೂ ನಡಿತೈತಿ' ಅಂದಳು. ಬೇರೆ ಒಂದು ಕಥೆಗೆ ಮಾತ್ರ ಬೇಡ ಅಂದಳು. ಅವಳಿಗೂ ತಾತನಿಗೂ ನಡೆದ ಒಂದು ಹಳೆಯ ಜಗಳ ಅದು. ನಾವು ಮನೆಯಲ್ಲಿ ಹೇಳಿಕೊಂಡು ಎಷ್ಟೋ ಸಲ ನಕ್ಕಿದ್ದೇವೆ. 'ಅವರು ಇಲ್ಲ. ಉತ್ತರ ಕೊಡಾಕ ಆಗೂದಿಲ್ಲ' ಅಂದಳು ಅಷ್ಟೇ. ಆ ಕಥೆಯನ್ನು ಇಲ್ಲೂ ಬರೆಯುವುದಿಲ್ಲ.

ಇನ್ನೊಂದು ತಮಾಷೆಗೂ ಅವಳ ಒಪ್ಪಿಗೆ ಬೇಕಿತ್ತು. ವಯಸ್ಸಾದವರ ಮೈ ಬಗ್ಗೆ, ಕಿವಿ ಬಗ್ಗೆ, ಹಲ್ಲಿನ ಬಗ್ಗೆ ತುಂಬಿದ ಸಭೆಯಲ್ಲಿ ಅವರಿಗೆ ಹೇಳದೆ ನಗಿಸಬಾರದು ಅಂತ ನನ್ನ ನಂಬಿಕೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಗಿತ್ತಲ್ವಾ, ಅದೇ ವಾರ ಅಮ್ಮನ ಮುಂದಿನ ಹಲ್ಲು ಬಿದ್ದಿತ್ತು. ಇಬ್ಬರೂ ಒಂದೇ ವಾರಗೆಯವರು, ಒಂದೇ ವಾರ ಒಂದೊಂದು ಕಳಕೊಂಡರು ಅಂತ ಬರೆದಿದ್ದೆ. ಓದಿ ತೋರಿಸಿದೆ. ಅವಳು ನಕ್ಕಿದ್ದಷ್ಟೇ ಅಲ್ಲ, ನನಗಿಂತ ಒಳ್ಳೆಯ ಕೊನೆ ಹೇಳಿಕೊಟ್ಟಳು. ಅದು ಮುಂದೆ ಬರುತ್ತದೆ.

ಉದ್ದದ್ದು ಒಂದು ಮಾತು. ಹಾಲ್‌ನಲ್ಲಿ ದನಿ ಗುಂಯ್ ಅನ್ನುತ್ತದೆ, ನಿಧಾನ ಮಾತಾಡಬೇಕು. ನಗುವ ಕಡೆ ನಿಲ್ಲಬೇಕು. ಫೋನಿನಲ್ಲಿ ಟೈಮ್ ಇಟ್ಟು ಓದಿದಾಗ ನಿಮಿಷಕ್ಕೆ ನನ್ನಿಂದ ಎಂಬತ್ತು-ತೊಂಬತ್ತು ಪದ ಆಗುತ್ತಿತ್ತು. ಎರಡನೇ ಸಲ ಬರೆದಿದ್ದು ಹದಿಮೂರು ನಿಮಿಷ ಹಿಡಿಯಿತು. ಹಸಿದು ಕೂತವರ ಮುಂದೆ ಐದು ನಿಮಿಷ ಸಾಕು. ಬಂದವರ ಹೆಸರು ಹೇಳುವ ಪಟ್ಟಿಯನ್ನು ಮೊದಲು ತೆಗೆದೆ. ಎಷ್ಟೇ ಜೋಪಾನ ಮಾಡಿದರೂ ಒಬ್ಬ ಬೀಗರ ಹೆಸರು ತಪ್ಪುತ್ತದೆ, ಆಮೇಲೆ ಆ ಮನೆಯಲ್ಲಿ ಅದೊಂದೇ ನೆನಪಿರುತ್ತದೆ. ಆಮೇಲೆ ರೊಟ್ಟಿಯ ಭಾಗ ತೆಗೆದೆ. ಹೊಸ್ತಿಲು, ಡ್ಯಾಮು, ಹಲ್ಲು ಉಳಿದವು.

ಅಮ್ಮನಿಗೆ ಎಡಗಿವಿ ಚೆನ್ನಾಗಿ ಕೇಳುತ್ತದೆ. ಹಾಗಾಗಿ ನಾನು ಅವಳ ಎಡಕ್ಕೆ ನಿಲ್ಲುವ ಹಾಗೆ ಕುರ್ಚಿ ಹಾಕಿಸಿದೆ. ಹಿಂದೆ ಇದ್ದ ದೊಡ್ಡ ಸ್ಪೀಕರನ್ನು ಜನರ ಕಡೆ ಮುಂದಕ್ಕೆ ತಳ್ಳಿಸಿದೆ. ವಯಸ್ಸಾದವರಿಗೆ ಜೋರಾಗಿ ಕೂಗಿದರೆ ಜಾಸ್ತಿ ಕೇಳುತ್ತದೆ ಅಂತ ಇಲ್ಲ. ದನಿ ಕೀಚಲಾದಷ್ಟೂ ಅವರಿಗೆ ಕಮ್ಮಿ ತಿಳಿಯುತ್ತದೆ. ತಗ್ಗಿದ ದನಿ, ನಿಧಾನದ ಮಾತು, ತುಟಿ ಕಾಣುವ ಹಾಗೆ ನಿಲ್ಲುವುದು ಬೇಕು. ಆರತಿ ಮುಗಿದ ಮೇಲೆ, ಎಲೆ ಹಾಕುವ ಮುಂಚೆ ನನ್ನ ಸರದಿ ಇತ್ತು.

ಅವತ್ತು ಓದಿದ್ದು ಇಷ್ಟು.

'ಅಮ್ಮಾ, ಇವತ್ತು ನಿನಗ ನಾ ಒಂದು ಜಗಳ ತಗದೀನಿ. ಇಲ್ಲಿ ಕುಂತಾವರಾಗ ನಿನ್ನ ಕಡೆ ಹೊಸ್ತಿಲ ಮ್ಯಾಲ ಕುಂತಿದ್ದಕ್ಕ ಬೈಸಿಕೊಂಡಾವರು ಎಷ್ಟು ಮಂದಿ ಅದೀರಿ, ಕೈ ಎತ್ತರಿ ನೋಡೂಣು. (ಇಲ್ಲಿ ಅರ್ಧ ಹಾಲ್ ಕೈ ಎತ್ತಿತು. ಹಾಲು ಹಾಕುವವನೂ ಎತ್ತಿದ.) ನೋಡಿದೇನು? ಇಷ್ಟು ಮಂದೀನ ಎಬ್ಬಿಸಿದಾಕಿ, ನೀನು ಎಂಟು ವರ್ಷದಾಕಿ ಇದ್ದಾಗ ಮುಂಜಾನಿಂದ ಸಂಜೀತನ ಒಂದ ಹೊಸ್ತಿಲ ಮ್ಯಾಲ ಕುಂತು ಬಂದಾಕಿ. ನನಗೆಲ್ಲಾ ಗೊತ್ತಾಗೈತಿ.

'ನೀ ಹುಟ್ಟಿದ ಮರುದಿನ ನಿಮ್ಮಪ್ಪ ಡ್ಯಾಮಿನ ಕಲ್ಲು ನೋಡಾಕ ಹೋಗಿದ್ದ. ಆ ಕಲ್ಲು ಮುಂದ ತನ್ನ ಮನೀಗೇ ನೀರು ತರತೈತಿ ಅಂತ ಅವಗ ಗೊತ್ತಿರಲಿಲ್ಲ. ಎಂಟು ವರ್ಷಕ್ಕ ಊರು ಬಿಟ್ಟಿರಿ. ಗ್ವಾಡಿ ಬಿಟ್ಟಿರಿ, ಬಾವಿ ಬಿಟ್ಟಿರಿ, ಬೇವಿನ ಗಿಡ ಬಿಟ್ಟಿರಿ. ಹೊಸ್ತಿಲ ಬಿಡಲಿಲ್ಲ. ಆ ಡ್ಯಾಮಿನ ನೀರಿಂದ ಗಂಗಾವತಿ ಕಡೆ ಭತ್ತ ಬೆಳದ್ರು. ಮುಂದ ನೀ ಅದ ಅಕ್ಕಿ ತಂದು ನಮಗ ಹಬ್ಬಕ್ಕ ಪಾಯಸ ಮಾಡಿದಿ. ನಿನ್ನ ಊರು ನುಂಗಿದ ನೀರಿಗೆ ನೀ ಒಂದು ದಿನ ಬೈದಿದ್ದು ನಾ ಕೇಳಿಲ್ಲ. ಬೈದಿದ್ದೆಲ್ಲಾ ನಮಗ.

'ಹೋದ ಆಗಸ್ಟ್‌ನಾಗ ಡ್ಯಾಮಿಂದು ಒಂದು ಗೇಟ್ ಹೋತು. ಅದ ವಾರ ನಿಂದು ಒಂದು ಹಲ್ಲು ಹೋತು. ಒಂದ ವಾರಗಿಯವರು, ಜತಿಗೇ ಹೋದುವು. ಇದಕ್ಕ ನೀ ಏನಂದಿ ಅಂತ ನಾ ಹೇಳೂದಿಲ್ಲ. ನೀನ ಹೇಳು.'

ಇಲ್ಲಿ ಮೈಕು ಅವಳ ಬಾಯಿಗೆ ಹಿಡಿದೆ. ಮೊದಲೇ ಮಾತಾಡಿಕೊಂಡಿದ್ದೆವು. ಅವಳು ಮಾವಂದಿರು ನಿಂತ ಕಡೆ ತಿರುಗಿ ನಿಧಾನಕ್ಕೆ ಹೇಳಿದಳು. 'ಡ್ಯಾಮಿನವರು ಒಂದ ವಾರದಾಗ ಬ್ಯಾರೆ ಗೇಟ್ ಕುಂದರಿಸಿದ್ರು. ನನಗ ಇಬ್ಬರು ಗಂಡುಮಕ್ಕಳದಾರ. ಆರು ತಿಂಗಳಾತು, ಇನ್ನೂ ಹಲ್ಲು ಕುಂದರಿಸಿಲ್ಲ.'

ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನಾನು ಕಾದೆ. ಜನ ನಗುವಾಗ ಮುಂದಿನ ಸಾಲು ಹೇಳಿದರೆ ಅದು ಯಾರ ಕಿವಿಗೂ ಬೀಳುವುದಿಲ್ಲ, ಮತ್ತೆ ಹೇಳಿದರೆ ಜೀವ ಇರುವುದಿಲ್ಲ. ದೊಡ್ಡ ಮಾವ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮರುದಿನವೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಅಷ್ಟರಲ್ಲಿ ನಾನು ಎಣಿಸದ ಒಂದು ಘಟನೆ ನಡೆಯಿತು. ಮುಂದಿನ ಸಾಲಿನಲ್ಲಿದ್ದ ಸಣ್ಣಜ್ಜ ಕೋಲು ಊರಿ ಎದ್ದು ನಿಂತ. 'ಆಕಿ ಒಬ್ಬಾಕಿನ ಕುಂತಿರಲಿಲ್ಲ. ನಾನೂ ಕುಂತಿದ್ದೆ ಆ ಹೊಸ್ತಿಲ ಮ್ಯಾಲ!' ಅಂದ. ಅವತ್ತು ಅವನಿಗೆ ಐದು ವರ್ಷ. ಅಮ್ಮ ಕುರ್ಚಿಯಲ್ಲಿಂದಲೇ ಅಂದಳು, 'ನೀ ಕುಂತಿರಲಿಲ್ಲೋ ತಮ್ಮಾ. ನೀ ನನ್ನ ತೊಡಿ ಮ್ಯಾಲ ಮಲಗಿದ್ದಿ. ಅತ್ತು ಅತ್ತು ಮಲಗಿದ್ದಿ.'

ಹಾಲ್ ಸುಮ್ಮನಾಯಿತು. ಸಣ್ಣಜ್ಜ ಕೂತ. ನನ್ನ ಹಾಳೆಯಲ್ಲಿ ಇನ್ನೂ ಆರು ಸಾಲು ಇದ್ದವು. ಅವುಗಳಲ್ಲಿ ಹರಕೆ, ಹಾರೈಕೆ, ನೂರು ವರ್ಷ ಬಾಳು ಅನ್ನುವ ಮಾತು ಇದ್ದವು. ಅವಳ ಮಾತಾದ ಮೇಲೆ ಅವು ಬೇಕಿರಲಿಲ್ಲ. ಮಡಚಿ, ಅವಳ ಕಾಲು ಮುಟ್ಟಿ, 'ಊಟಕ್ಕ ಏಳ್ರಿ' ಅಂದೆ. ತಯಾರಿಯಲ್ಲಿ ನಾನು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಐದು ಸಲ ಬದಲಿಸಿದ್ದೆ. ಕೊನೆಗೆ ನಿಲ್ಲಿಸಿದ್ದು ಅವಳೇ.

ಊಟ ಮುಗಿದು, ಬಂದವರು ಹೋಗಿ, ಮನೆಯವರಷ್ಟೇ ಉಳಿದಾಗ ಅಂಗಳದಲ್ಲಿ ಚಾಪೆ ಹಾಸಿದೆವು. ಭಾರತ ಹುಣ್ಣಿಮೆಯ ಚಂದ್ರ ಮೇಲೆ ಬಂದಿತ್ತು. ಅಮ್ಮ ಅದನ್ನು ನೋಡುತ್ತಾ ಕೇಳಿದಳು. 'ಇದು ಎಷ್ಟನೇದ್ದು ಅಂದಿ?'

'990.'

'ಸಾವಿರದ್ದು ಯಾವಾಗ ಬರತೈತಿ?'

ಭಾಷಣದ ಹಾಳೆ ಇನ್ನೂ ನನ್ನ ಕೈಯಲ್ಲೇ ಇತ್ತು. ಹಿಂದುಗಡೆ ತಿಂಗಳು ಎಣಿಸಿ ಬರೆದೆ. ಹತ್ತನೆಯದು ಡಿಸೆಂಬರ್ 4ಕ್ಕೆ ಬಂದು ನಿಂತಿತು. ಕ್ಯಾಲೆಂಡರ್ ತೆಗೆಯುವ ಮೊದಲೇ ಅವಳು ಬೆರಳು ಮಡಚಿ ಎಣಿಸಿ ಮುಗಿಸಿದ್ದಳು. 'ಹೊಸ್ತಿಲ ಹುಣ್ಣಿಮಿ' ಅಂದಳು.

ನಮ್ಮ ಕಡೆ ಆ ಹುಣ್ಣಿಮೆಗೆ ಹೊಸ್ತಿಲಿಗೆ ಪೂಜೆ. ಯಾರೂ ಮಾತಾಡಲಿಲ್ಲ. ಸಣ್ಣಜ್ಜ ಚಾಪೆಯ ಆ ತುದಿಯಲ್ಲಿ ತೂಕಡಿಸುತ್ತಿದ್ದ. ಅಮ್ಮ ಅವನ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಗ್ಗಿ, ಗುಟ್ಟು ಹೇಳುವ ಹಾಗೆ ಹೇಳಿದಳು.

'ಅವತ್ತು ಇವನ ಮನೀಗೆ ಹೋಗೂಣು. ಭಾಷಣ ಬ್ಯಾಡ. ಪೂಜಿಗೆ ಮೊದಲ ಆ ಹೊಸ್ತಿಲ ಮ್ಯಾಲ ಒಂದು ಸಲ ಕುಂದರತೀನಿ. ಯಾರು ಬೈತಾರ ನೋಡೂಣು.'